ಕಾರ್ಡಿನಲ್ಲಿ 3,600, ಬಿಲ್ಲಿನಲ್ಲಿ 11,077: ಹೋಟೆಲ್ ರೂಮಿನ ದರಪಟ್ಟಿ ಓದುವ ಬಗೆ

ಹಾವೇರಿಯ ಒಂದು ಮನೆಯವರು ಎರಡು ರಾತ್ರಿ ಮೈಸೂರಿನಲ್ಲಿ ಉಳಿಯಲು ಹೊರಟಿದ್ದಾರೆ ಎಂದುಕೊಳ್ಳಿ. ಗಂಡ, ಹೆಂಡತಿ, ಹತ್ತು ವರ್ಷದ ಮಗ, ಜೊತೆಗೆ ಅಜ್ಜಿ. ಇಷ್ಟು ವರ್ಷ ಪರಊರಿಗೆ ಹೋದರೆ ನೆಂಟರ ಮನೆ, ಯಾತ್ರೆಗೆ ಹೋದರೆ ದೇವಸ್ಥಾನದ ವಸತಿಗೃಹ. ಹೋಟೆಲಿನಲ್ಲಿ ರೂಮ್ ಮಾಡುತ್ತಿರುವುದು ಇದೇ ಮೊದಲು. ಹೋಟೆಲಿನವರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ದರಪಟ್ಟಿಯಲ್ಲಿ ಹೀಗಿದೆ: ಡೀಲಕ್ಸ್ ಡಬಲ್ ರೂಮ್ 3,600, ಎಕ್ಸ್-ಬ್ರೇಕ್‌ಫಾಸ್ಟ್, ಪ್ಲಸ್ ಟ್ಯಾಕ್ಸಸ್. ಅದರ ಕೆಳಗೆ ಸಣ್ಣಕ್ಷರದಲ್ಲಿ, ಎಕ್ಸ್‌ಟ್ರಾ ಬೆಡ್ 800. ಮನೆಯ ಯಜಮಾನರು ಎರಡು ರಾತ್ರಿಗೆ 7,200 ಎಂದು ಲೆಕ್ಕ ಹಾಕಿ ಒಪ್ಪಿಕೊಂಡರು. ಹೊರಡುವ ದಿನ ಕೌಂಟರಿನಲ್ಲಿ ಬಂದ ಬಿಲ್ಲು 11,077 ರೂಪಾಯಿ 50 ಪೈಸೆ.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಬಿಲ್ಲಿನ ಬಹುಪಾಲು ಆ ಎರಡು ಸಾಲುಗಳಲ್ಲೇ ಇತ್ತು. ಆದರೆ ಓದಿದವರ ಕಣ್ಣು 3,600ರ ಮೇಲೆ ಮಾತ್ರ ನಿಂತಿತು. ನಾನು ಇಲ್ಲಿ ಕೊಡುವ ರೂಮಿನ ದರಗಳು, ಊಟ ತಿಂಡಿಯ ದರಗಳು ಲೆಕ್ಕ ಬಿಡಿಸಲು ಇಟ್ಟುಕೊಂಡವು. ತೆರಿಗೆಯ ದರಗಳು ಮಾತ್ರ 2025ರ ಸೆಪ್ಟೆಂಬರ್ 22ರಿಂದ ದೇಶದಲ್ಲೆಲ್ಲ ಜಾರಿಗೆ ಬಂದವು.

ಮೊದಲು ಪ್ಲಸ್ ಟ್ಯಾಕ್ಸಸ್. ಅಂಗಡಿಯಲ್ಲಿ ಸೋಪು, ಬಿಸ್ಕತ್ತು ಕೊಳ್ಳುವಾಗ ಪೊಟ್ಟಣದ ಮೇಲಿನ ಬೆಲೆಯಲ್ಲೇ ತೆರಿಗೆ ಸೇರಿರುತ್ತದೆ. ನಮಗೆ ಅದೇ ರೂಢಿ. ಹೋಟೆಲ್ ರೂಮಿಗೆ ಹಾಗೆ ಅಚ್ಚು ಹಾಕಿದ ಗರಿಷ್ಠ ಬೆಲೆ ಇರುವುದಿಲ್ಲ. ದರಪಟ್ಟಿಯಲ್ಲಿ ತೆರಿಗೆ ಬಿಟ್ಟು ಬರೆಯುವುದು ಈ ವ್ಯಾಪಾರದ ಹಳೆಯ ವಾಡಿಕೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬರುವ ಮುಂಚೆ ನಮ್ಮ ರಾಜ್ಯದಲ್ಲಿ ಲಕ್ಷುರಿ ತೆರಿಗೆ ಇದ್ದಾಗಲೂ ಹೀಗೇ ನಡೆಯುತ್ತಿತ್ತು. ಆದ್ದರಿಂದ ಪ್ಲಸ್ ಟ್ಯಾಕ್ಸಸ್ ಎಂದು ಕಂಡರೆ, ಆ ಮೊತ್ತದ ಮೇಲೆ ಜಿಎಸ್‌ಟಿ ಬೇರೆಯಾಗಿ ಬೀಳುತ್ತದೆ ಎಂದಷ್ಟೇ ಅರ್ಥ.

ಎಷ್ಟು ಬೀಳುತ್ತದೆ ಎಂಬುದು ಒಂದೇ ಒಂದು ಗೆರೆಯ ಮೇಲೆ ನಿಂತಿದೆ. ಒಂದು ರೂಮಿನ ಒಂದು ದಿನದ ಬಾಡಿಗೆ 7,500 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಶೇಕಡಾ 5. ಅದನ್ನು ದಾಟಿದರೆ ಶೇಕಡಾ 18. ನಡುವೆ ಬೇರೆ ಮೆಟ್ಟಿಲಿಲ್ಲ. ಗೆರೆ ದಾಟಿದಾಗ 7,500ರ ಮೇಲಿನ ಭಾಗಕ್ಕೆ ಮಾತ್ರವಲ್ಲ, ಇಡೀ ಬಾಡಿಗೆಗೂ ಶೇಕಡಾ 18 ಬೀಳುತ್ತದೆ. 7,500ರ ರೂಮಿಗೆ ತೆರಿಗೆ 375 ರೂಪಾಯಿ. 7,600ರ ರೂಮಿಗೆ 1,368. ನೂರು ರೂಪಾಯಿ ದುಬಾರಿಯ ರೂಮಿಗೆ ಕೈಯಿಂದ ಹೋಗುವುದು ಸಾವಿರದ ತೊಂಬತ್ಮೂರು ರೂಪಾಯಿ ಹೆಚ್ಚು. ಈ ಗೆರೆಯ ಆಸುಪಾಸಿನ ರೂಮ್ ಆರಿಸುವವರು ಇದನ್ನು ಮರೆಯಬಾರದು. ಒಂದಿಷ್ಟು ಚೌಕಾಸಿ ಮಾಡಿ 7,500ಕ್ಕೆ ಇಳಿಸಿಕೊಂಡರೆ ತೆರಿಗೆಯೂ ಇಳಿಯುತ್ತದೆ, ಏಕೆಂದರೆ ಲೆಕ್ಕಕ್ಕೆ ಬರುವುದು ಕಾರ್ಡಿನಲ್ಲಿ ಅಚ್ಚಾದ ದರವಲ್ಲ, ನಿಮ್ಮಿಂದ ನಿಜವಾಗಿ ಪಡೆಯುವ ಬಾಡಿಗೆ.

ಮೊದಲ ಸಲ ಉಳಿಯುವವರು ಇಲ್ಲಿ ಇನ್ನೊಂದು ಕಡೆ ಎಡವುತ್ತಾರೆ. ಹಾವೇರಿಯ ಮನೆಯವರ ಎರಡು ರಾತ್ರಿಯ ಬಾಡಿಗೆ, ಹೆಚ್ಚುವರಿ ಹಾಸಿಗೆ ಸೇರಿ, 8,800. 7,500 ದಾಟಿತಲ್ಲ, ಶೇಕಡಾ 18 ಕೊಡಬೇಕೇನೋ ಎಂದು ಗಾಬರಿಯಾಗಬೇಕಿಲ್ಲ. ಗೆರೆ ಇರುವುದು ದಿನಕ್ಕೆ, ರೂಮಿಗೆ. ದಿನಕ್ಕೆ ಅವರದು 4,400. ಹಾಗಾಗಿ ಶೇಕಡಾ 5, ಅಂದರೆ 440 ರೂಪಾಯಿ. ಬಿಲ್ಲಿನಲ್ಲಿ ಇದು ಒಂದೇ ಸಾಲಾಗಿ ಕಾಣುವುದಿಲ್ಲ. ಕೇಂದ್ರದ್ದು 220, ರಾಜ್ಯದ್ದು 220 ಎಂದು ಎರಡು ಸಾಲು ಇರುತ್ತದೆ, ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಎಂಬ ಹೆಸರಿನಲ್ಲಿ. ಇದನ್ನು ನೋಡಿ ಎರಡೆರಡು ಸಲ ತೆರಿಗೆ ಹಾಕಿದ್ದಾರೆ ಎಂದುಕೊಳ್ಳುವವರಿದ್ದಾರೆ. ಹಾಗಲ್ಲ, ಶೇಕಡಾ 5 ಎಂಬುದೇ ಎರಡೂವರೆ ಮತ್ತು ಎರಡೂವರೆಯಾಗಿ ಒಡೆದಿದೆ. ರೂಮ್ ಒಂದೊಂದೂ 7,500ರ ಒಳಗಿದ್ದು ಬಿಲ್ಲಿನಲ್ಲಿ ಒಂಬತ್ತು ಮತ್ತು ಒಂಬತ್ತು ಎಂದು ಕಂಡರೆ ಮಾತ್ರ ನಿಂತು ಕೇಳಬೇಕು.

ತೆರಿಗೆಯೇ ಇಲ್ಲದ ಜಾಗಗಳೂ ಇವೆ. ವರ್ಷಕ್ಕೆ 20 ಲಕ್ಷಕ್ಕಿಂತ ಕಡಿಮೆ ವ್ಯವಹಾರ ಇರುವ ಸಣ್ಣ ಹೋಮ್‌ಸ್ಟೇಯವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ನೋಂದಣಿ ಇಲ್ಲದವರು ಗ್ರಾಹಕರಿಂದ ಜಿಎಸ್‌ಟಿ ಪಡೆಯುವಂತೆಯೂ ಇಲ್ಲ. ಆದರೆ ಅದೇ ಹೋಮ್‌ಸ್ಟೇಯನ್ನು ಆನ್‌ಲೈನ್ ಬುಕಿಂಗ್ ಆ್ಯಪ್ ಮೂಲಕ ಹಿಡಿದರೆ ಆ ತೆರಿಗೆ ಕಟ್ಟುವ ಹೊಣೆ ಆ್ಯಪಿನವರ ಮೇಲೆ ಬೀಳುತ್ತದೆ, ಅವರು ಅದನ್ನು ನಿಮ್ಮಿಂದ ವಸೂಲಿ ಮಾಡುತ್ತಾರೆ. ಸಕಲೇಶಪುರದ ಒಂದೇ ಮನೆಗೆ ಫೋನಿನಲ್ಲಿ ಹೇಳಿದ ದರವೂ ಆ್ಯಪಿನ ದರವೂ ಬೇರೆ ಬೇರೆ ಆಗಲು ಇದೂ ಒಂದು ಕಾರಣ. ತೆರಿಗೆ ಹಾಕಿದ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇರಲೇಬೇಕು, ಕರ್ನಾಟಕದ ಹೋಟೆಲಾದರೆ ಆ ಸಂಖ್ಯೆ 29ರಿಂದ ಶುರುವಾಗುತ್ತದೆ. ಸಂಖ್ಯೆ ಇಲ್ಲದ ಚೀಟಿಯಲ್ಲಿ ತೆರಿಗೆ ಎಂದು ಬರೆದಿದ್ದರೆ ಅದನ್ನು ಕೊಡುವ ಅಗತ್ಯವಿಲ್ಲ.

ಇನ್ನು ಎಕ್ಸ್-ಬ್ರೇಕ್‌ಫಾಸ್ಟ್. ಬೈಕು, ಕಾರು ಕೊಂಡವರಿಗೆ ಎಕ್ಸ್-ಶೋರೂಮ್ ಬೆಲೆ ಗೊತ್ತು: ನೋಂದಣಿ, ವಿಮೆ ಬಿಟ್ಟು ಗಾಡಿಯದ್ದು ಮಾತ್ರ. ಇದೂ ಅದೇ ಜಾತಿಯದು. ಬೆಳಗಿನ ತಿಂಡಿ ಬಿಟ್ಟು, ರೂಮಿನದ್ದು ಮಾತ್ರ. ಎಕ್ಸ್‌ಟ್ರಾ ಬ್ರೇಕ್‌ಫಾಸ್ಟ್ ಕೊಡುತ್ತಾರೆ ಎಂದು ತಿರುಗಾಮುರುಗಾ ಓದಿಕೊಂಡು, ಎರಡೂ ದಿನ ಧೈರ್ಯವಾಗಿ ತಿಂಡಿ ತಿಂದು, ಕೊನೆಗೆ ಬಿಲ್ ನೋಡಿ ಕಂಗಾಲಾಗುವವರು ಕಡಿಮೆಯಿಲ್ಲ. ತಿಂಡಿಯ ಹಾಲ್‌ನಲ್ಲಿ ಯಾರೂ ತಡೆಯುವುದಿಲ್ಲ, ರೂಮ್ ನಂಬರ್ ಕೇಳಿ ಬರೆದುಕೊಳ್ಳುತ್ತಾರೆ ಅಷ್ಟೆ. ನಂಬರ್ ಬರೆದುಕೊಂಡರು ಎಂದರೆ ತಿಂಡಿ ಪುಕ್ಕಟೆ ಎಂದಲ್ಲ. ಪುಕ್ಕಟೆ ಇದ್ದವರ ನಂಬರನ್ನೂ ಬರೆದುಕೊಳ್ಳುತ್ತಾರೆ, ಬಿಲ್ಲಿಗೆ ಸೇರಿಸಬೇಕಾದವರ ನಂಬರನ್ನೂ ಬರೆದುಕೊಳ್ಳುತ್ತಾರೆ.

ನಮ್ಮ ಹಾವೇರಿಯವರಿಗೆ ಆದದ್ದು ಇದೇ. ಅಲ್ಲಿ ತಿಂಡಿಗೆ ದೊಡ್ಡವರಿಗೆ ತಲೆಗೆ 250, ಮಕ್ಕಳಿಗೆ 125. ಮೂವರು ದೊಡ್ಡವರು, ಒಬ್ಬ ಹುಡುಗ, ಒಂದು ಬೆಳಗಿಗೆ 875. ಎರಡು ಬೆಳಗಿಗೆ 1,750. ಅದರ ಮೇಲೆ ಶೇಕಡಾ 5 ತೆರಿಗೆ 87 ರೂಪಾಯಿ 50 ಪೈಸೆ. ರೂಮು, ಹಾಸಿಗೆ, ಅವುಗಳ ತೆರಿಗೆ ಸೇರಿದ 9,240ಕ್ಕೆ ಇದನ್ನು ಕೂಡಿಸಿದಾಗ 11,077 ರೂಪಾಯಿ 50 ಪೈಸೆ ಆಯಿತು.

ಅದೇ ಹೋಟೆಲಿನಲ್ಲಿ ತಿಂಡಿ ಸೇರಿದ ದರ 4,000 ಇತ್ತು ಎಂದುಕೊಳ್ಳಿ. ರಾತ್ರಿಗೆ 400 ಹೆಚ್ಚು, ಇಬ್ಬರ ತಿಂಡಿ ಬೇರೆ ಕೊಂಡರೆ 500. ಮೇಲ್ನೋಟಕ್ಕೆ ಲಾಭ. ಆದರೆ ಡಬಲ್ ರೂಮಿನ ದರದಲ್ಲಿ ಸೇರಿದ ತಿಂಡಿ ಸಾಮಾನ್ಯವಾಗಿ ಇಬ್ಬರಿಗೆ ಮಾತ್ರ. ಹೆಚ್ಚುವರಿ ಹಾಸಿಗೆಯ ಅಜ್ಜಿಗೆ, ಅಪ್ಪ ಅಮ್ಮನ ಜೊತೆ ಮಲಗುವ ಹುಡುಗನಿಗೆ ಸೇರಿದೆಯೋ ಇಲ್ಲವೋ ಎಂಬುದು ಒಂದೊಂದು ಹೋಟೆಲಿನಲ್ಲಿ ಒಂದೊಂದು ತರಹ. ಸೇರಿಲ್ಲ ಎಂದಾದರೆ ಇವರ ಒಟ್ಟು ಬಿಲ್ 10,867 ರೂಪಾಯಿ 50 ಪೈಸೆ ಆಗುತ್ತಿತ್ತು, ಉಳಿತಾಯ ಬರೀ 210 ರೂಪಾಯಿ. ಸೇರಿದೆ ಎಂದಾದರೆ 10,080, ಉಳಿತಾಯ ಸಾವಿರದ ಹತ್ತಿರ. ಹಾಗಾಗಿ ತಿಂಡಿ ಸೇರಿದೆಯಾ ಎಂದು ಕೇಳಿದರೆ ಸಾಲದು, ನಾಲ್ಕು ಜನಕ್ಕೂ ಸೇರಿದೆಯಾ ಎಂದು ಕೇಳಬೇಕು. ಮಕ್ಕಳ ವಯಸ್ಸನ್ನೂ ಆಗಲೇ ಹೇಳಿಬಿಡಬೇಕು. ಐದಾರು ವರ್ಷದವರೆಗೆ ಪುಕ್ಕಟೆ, ಹನ್ನೆರಡರವರೆಗೆ ಅರ್ಧ ಅಥವಾ ಬೇರೆ ದರ, ಆಮೇಲೆ ದೊಡ್ಡವರ ಲೆಕ್ಕ ಎಂಬ ಪದ್ಧತಿ ಬಹಳ ಕಡೆ ಇದೆ, ಆದರೆ ಗಡಿ ಎಲ್ಲ ಕಡೆ ಒಂದೇ ಅಲ್ಲ.

ಎಕ್ಸ್-ಬ್ರೇಕ್‌ಫಾಸ್ಟ್ ಎಂದರೆ ನಷ್ಟದ ದರ ಎಂದು ನಾನು ಹೇಳುತ್ತಿಲ್ಲ. ಮೈಸೂರಿನಂಥ ಊರಿನಲ್ಲಿ ನಾನಂತೂ ಅದನ್ನೇ ಆರಿಸುತ್ತೇನೆ. ರೂಮಿನಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಬಿಸಿ ಇಡ್ಲಿ, ಮಸಾಲೆ ದೋಸೆ, ಒಳ್ಳೆ ಕಾಫಿ ಸಿಗುವ ಊರಿನಲ್ಲಿ ಬಫೆಯ ತಣ್ಣಗಾದ ಪೂರಿಗೆ ತಲೆಗೆ ಇನ್ನೂರೈವತ್ತು ಏಕೆ ಕೊಡಬೇಕು? ಬೆಳಿಗ್ಗೆ ಬೇಗ ಚಾಮುಂಡಿ ಬೆಟ್ಟಕ್ಕೆ ಹೊರಡುವವರಿಗೆ ತಿಂಡಿ ಸೇರಿದ ದರ ಇನ್ನೂ ವ್ಯರ್ಥ, ಹಾಲ್ ತೆರೆಯುವ ಹೊತ್ತಿಗೆ ಅವರು ದರ್ಶನದ ಸಾಲಿನಲ್ಲಿರುತ್ತಾರೆ. ತಿಂಡಿ ಸೇರಿದ ದರಕ್ಕೇ ಒಪ್ಪಿದ್ದರೆ ಹಿಂದಿನ ರಾತ್ರಿಯೇ ರಿಸೆಪ್ಷನ್‌ನಲ್ಲಿ ಹೇಳಿ ಕಟ್ಟಿಸಿಕೊಳ್ಳಬಹುದು. ಕೆಲವು ಕಡೆ ಸ್ಯಾಂಡ್‌ವಿಚ್, ಬಾಳೆಹಣ್ಣು ಕಟ್ಟಿಕೊಡುತ್ತಾರೆ. ಬೆಳಿಗ್ಗೆ ಐದು ಗಂಟೆಗೆ ಕೇಳಿದರೆ ಯಾರಿಂದಲೂ ಆಗುವುದಿಲ್ಲ.

ಊಟ ಸೇರಿದ ದರದ ಲೆಕ್ಕ ಬೇರೆಯೇ. ಇನ್‌ಕ್ಲೂಸಿವ್ ಆಫ್ ಮೀಲ್ಸ್ ಎಂದು ಬರೆದಿದ್ದರೆ ಮೊದಲು ಕೇಳಬೇಕಾದದ್ದು, ಯಾವ ಊಟ ಎಂದು. ಹೋಟೆಲಿನವರ ಭಾಷೆಯಲ್ಲಿ ಇದಕ್ಕೆ ನಾಲ್ಕು ಹೆಸರುಗಳಿವೆ, ಕಾರ್ಡಿನ ಮೂಲೆಯಲ್ಲಿ ಎರಡು ಮೂರು ಅಕ್ಷರಗಳಲ್ಲಿ ಬರೆದಿರುತ್ತಾರೆ. ಇಪಿ ಎಂದರೆ ರೂಮ್ ಮಾತ್ರ. ಸಿಪಿ ಎಂದರೆ ರೂಮು ಮತ್ತು ಬೆಳಗಿನ ತಿಂಡಿ. ಎಂಎಪಿ ಎಂದರೆ ತಿಂಡಿಯ ಜೊತೆ ಮಧ್ಯಾಹ್ನದ್ದೋ ರಾತ್ರಿಯದ್ದೋ ಒಂದು ಊಟ. ಎಪಿ ಎಂದರೆ ತಿಂಡಿ ಮತ್ತು ಎರಡೂ ಊಟ. ಯುರೋಪಿಯನ್, ಕಾಂಟಿನೆಂಟಲ್, ಅಮೆರಿಕನ್ ಪ್ಲಾನ್ ಎಂದು ಬಿಡಿಸಿ ಬರೆದಿದ್ದರೂ ಆ ದೇಶಗಳ ಅಡುಗೆಗೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕನ್ ಪ್ಲಾನಿನಲ್ಲಿ ಅನ್ನ ಸಾರೇ ಬರಬಹುದು.

ಎರಡನೆಯ ಪ್ರಶ್ನೆ ಎಷ್ಟು ಊಟ ಎಂಬುದು. ಒಂದು ರಾತ್ರಿ, ಎರಡು ಹಗಲು, ಎಲ್ಲ ಊಟ ಸೇರಿ ಎಂದಾಗ ಎರಡು ಮಧ್ಯಾಹ್ನದ ಊಟ ಸಿಗುತ್ತದೆ ಎಂದೇ ಎಲ್ಲರೂ ಭಾವಿಸುತ್ತಾರೆ. ಹಾಗಾಗುವುದಿಲ್ಲ. ಒಂದು ರಾತ್ರಿಗೆ ಮೂರು ಹೊತ್ತು. ಮಧ್ಯಾಹ್ನ ಬಂದವರಿಗೆ ಆ ದಿನದ ಊಟ, ರಾತ್ರಿಯ ಊಟ, ಮರುದಿನದ ತಿಂಡಿ. ಅಲ್ಲಿಗೆ ಮುಗಿಯಿತು, ಹನ್ನೊಂದರ ಸುಮಾರಿಗೆ ರೂಮ್ ಬಿಡಬೇಕು. ನೀವು ಘಾಟಿಯಲ್ಲಿ ಸಿಕ್ಕಿಕೊಂಡು ಸಂಜೆ ಐದಕ್ಕೆ ತಲುಪಿದರೆ ಮೊದಲ ಊಟ ಹೋಯಿತು. ಅದರ ಬದಲಿಗೆ ಮರುದಿನ ಮಧ್ಯಾಹ್ನ ಹಾಕುತ್ತಾರೋ ಎಂದು ದಾರಿಯಿಂದಲೇ ಫೋನ್ ಮಾಡಿ ಕೇಳಬೇಕು. ಒಪ್ಪುವವರು ಇದ್ದಾರೆ, ಆದರೆ ಅದು ಅವರ ಒಳ್ಳೆಯತನ, ದರದ ಭಾಗವಲ್ಲ. ತಿನ್ನದ ಊಟಕ್ಕೆ ಹಣ ವಾಪಸ್ಸು ಬರುವುದಿಲ್ಲ. ನಡುವೆ ತರಿಸಿಕೊಂಡ ಕಾಫಿ, ಬಾಟಲಿ ನೀರು, ತಂಪು ಪಾನೀಯ, ರೂಮಿಗೆ ತರಿಸಿದ ಪ್ಲೇಟು ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ.

ಕೊಡಗು, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ, ಕಬಿನಿಯಂಥ ಕಾಡಂಚಿನ ಕಡೆ ಊಟ ಸೇರಿದ ದರವೇ ಸರಿ. ಅಲ್ಲಿ ಹೊರಗೆ ಹೋಟೆಲ್ ಹುಡುಕಿಕೊಂಡು ಹೋಗಲು ರಸ್ತೆಯೂ ದೂರ, ರಾತ್ರಿ ಓಡಾಟವೂ ಕ್ಷೇಮವಲ್ಲ. ಆದರೆ ಇಲ್ಲಿ ದರ ಬರೆಯುವ ರೀತಿ ಬದಲಾಗುತ್ತದೆ: ರೂಮಿಗಲ್ಲ, ತಲೆಗೆ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್‌ನವರ ಪ್ಯಾಕೇಜೂ ತಲೆಯ ಲೆಕ್ಕದ್ದೇ, ಅದರಲ್ಲಿ ವಾಸ, ಊಟದ ಜೊತೆ ಸಫಾರಿಯೂ ಸೇರುತ್ತದೆ. ಟ್ವಿನ್ ಶೇರಿಂಗ್ ಎಂದಿದ್ದರೆ ಒಂದು ರೂಮಿನಲ್ಲಿ ಇಬ್ಬರು ಇದ್ದಾಗ ಒಬ್ಬರಿಗೆ ಬೀಳುವ ದರ. ತೋಟದ ಮನೆಯ 2,500, ಪೇಟೆಯ ಹೋಟೆಲಿನ 3,600ಕ್ಕಿಂತ ಅಗ್ಗ ಎಂದು ಕಾಣಬಹುದು. ಗಂಡ ಹೆಂಡತಿ ಇಬ್ಬರಿಗೇ ಅದು 5,000. ಊಟ ಕಳೆದು ಹೋಲಿಸಿದರೆ ಮಾತ್ರ ಯಾವುದು ಅಗ್ಗ ಎಂದು ತಿಳಿಯುತ್ತದೆ.

ಈ ಎರಡು ಸಂಗತಿ, ಊಟ ಮತ್ತು ತೆರಿಗೆ, ಒಂದನ್ನೊಂದು ಮುಟ್ಟುವ ಜಾಗ ಒಂದಿದೆ. ಬಹಳ ಜನ ಗಮನಿಸದ್ದು ಅದು. ರೂಮು ಊಟ ಸೇರಿಸಿ ಒಂದೇ ಮೊತ್ತಕ್ಕೆ ಕೊಟ್ಟರೆ ತೆರಿಗೆಯ ಕಣ್ಣಿಗೆ ಅಲ್ಲಿ ಮುಖ್ಯವಾದದ್ದು ವಾಸ, ಊಟ ಅದರ ಜೊತೆಗೆ ಬಂದದ್ದು. ಹಾಗಾಗಿ ಇಡೀ ಮೊತ್ತಕ್ಕೆ ರೂಮಿನ ದರದ ತೆರಿಗೆಯೇ ಬೀಳುತ್ತದೆ. ಬಾಡಿಗೆ ಮೂರು ನಾಲ್ಕು ಸಾವಿರ ಇರುವ ಕಡೆ ಇದರಿಂದ ವ್ಯತ್ಯಾಸವಿಲ್ಲ, ಎರಡಕ್ಕೂ ಶೇಕಡಾ 5. 7,500ರ ಗೆರೆಯ ಹತ್ತಿರ ಇದು ದೊಡ್ಡ ಮೊತ್ತವಾಗುತ್ತದೆ.

ಒಂದು ರೆಸಾರ್ಟಿನಲ್ಲಿ ಬರೀ ರೂಮಿಗೆ 6,900, ಇಬ್ಬರಿಗೆ ಮೂರೂ ಹೊತ್ತು ಸೇರಿದರೆ 9,300 ಎಂದಿದೆ ಎಂದುಕೊಳ್ಳಿ. ಎರಡಕ್ಕೂ ಪ್ಲಸ್ ಟ್ಯಾಕ್ಸಸ್. ಊಟಕ್ಕೆ 2,400 ಹೆಚ್ಚು, ಅಷ್ಟೇ ತಾನೆ ಎನಿಸುತ್ತದೆ. 6,900ಕ್ಕೆ ಶೇಕಡಾ 5 ಸೇರಿಸಿದರೆ 7,245. 9,300 ಗೆರೆ ದಾಟಿದ್ದರಿಂದ ಶೇಕಡಾ 18, ತೆರಿಗೆಯೇ 1,674, ಒಟ್ಟು 10,974. ಎರಡರ ನಡುವಿನ ಅಂತರ 2,400 ಅಲ್ಲ, 3,729. ಅದೇ ಊಟವನ್ನು ಅದೇ ರೆಸಾರ್ಟಿನ ರೆಸ್ಟೋರೆಂಟಿನಲ್ಲಿ ಬೇರೆಯಾಗಿ 2,400ಕ್ಕೆ ಉಂಡಿದ್ದರೆ? ಹಿಂದಿನ ಹಣಕಾಸು ವರ್ಷದಲ್ಲಿ ಯಾವುದಾದರೂ ರೂಮನ್ನು ದಿನಕ್ಕೆ 7,500ಕ್ಕಿಂತ ಹೆಚ್ಚಿಗೆ ಕೊಟ್ಟ ಹೋಟೆಲಾದರೆ ಅದರ ಒಳಗಿನ ರೆಸ್ಟೋರೆಂಟಿಗೂ ಶೇಕಡಾ 18 ತೆರಿಗೆ. ಅದನ್ನೇ ಹಿಡಿದರೂ ಊಟ 2,832, ಒಟ್ಟು 10,077. ಎಂಟುನೂರ ತೊಂಬತ್ತೇಳು ರೂಪಾಯಿ ಉಳಿಯಿತು. ರೆಸ್ಟೋರೆಂಟಿಗೆ ಶೇಕಡಾ 5 ಇರುವ ಕಡೆಯಾದರೆ ಒಟ್ಟು 9,765, ಉಳಿತಾಯ 1,209.

ಬೇರೆಯಾಗಿ ಉಂಡರೆ ಊಟದ ಬೆಲೆಯೇ ಹೆಚ್ಚಿರಬಹುದು ಎಂಬುದೂ ನಿಜ, ಪ್ಯಾಕೇಜಿನಲ್ಲಿ 1,200ಕ್ಕೆ ಸಿಗುವುದಕ್ಕೆ ಮೆನುವಿನಲ್ಲಿ 1,800 ಆಗಬಹುದು. ಆಗ ಪ್ಯಾಕೇಜೇ ಲೇಸು. ಕೆಲವು ಹೋಟೆಲಿನವರು ಬಿಲ್ಲಿನಲ್ಲಿ ರೂಮು ಬೇರೆ, ಊಟ ಬೇರೆ ತೋರಿಸುತ್ತಾರೆ, ಆಗಲೂ ಲೆಕ್ಕ ಬದಲಾಗುತ್ತದೆ. ಅದಕ್ಕೇ ಎರಡೂ ದರಗಳನ್ನು ತೆರಿಗೆ ಸೇರಿಸಿಯೇ ಹೇಳಿಸಿಕೊಳ್ಳಬೇಕು. ತೆರಿಗೆ ಬಿಟ್ಟ ಎರಡು ಅಂಕಿಗಳನ್ನು ಹೋಲಿಸುವುದು ಗೆರೆಯ ಹತ್ತಿರ ದಾರಿ ತಪ್ಪಿಸುತ್ತದೆ.

ಫೋನಿನಲ್ಲಿ ಎಲ್ಲಾ ಸೇರಿ ಎಷ್ಟಾಗುತ್ತೆ ಎಂದು ಕೇಳುವುದು ನಮ್ಮ ವಾಡಿಕೆ. ಆ ಕಡೆಯವರು ಎಲ್ಲಾ ಸೇರಿ ಸರ್, ಇನ್‌ಕ್ಲೂಸಿವ್ ಎನ್ನುತ್ತಾರೆ. ಕೇಳಿದವರಿಗೆ ತೆರಿಗೆಯೂ ಸೇರಿದೆ ಎಂದು, ಹೇಳಿದವರಿಗೆ ಊಟ ಸೇರಿದೆ ಎಂದು. ಇಬ್ಬರೂ ಸುಳ್ಳು ಹೇಳಿಲ್ಲ. ಊಟ ಸೇರಿರುವುದಕ್ಕೂ ತೆರಿಗೆ ಸೇರಿರುವುದಕ್ಕೂ ಸಂಬಂಧವಿಲ್ಲ, ಇನ್‌ಕ್ಲೂಸಿವ್ ಆಫ್ ಮೀಲ್ಸ್, ಪ್ಲಸ್ ಟ್ಯಾಕ್ಸಸ್ ಎಂಬುದು ಒಂದೇ ಕಾರ್ಡಿನಲ್ಲಿ ಅಕ್ಕಪಕ್ಕ ಇರಬಹುದು. ಆದ್ದರಿಂದ ಬಾಯಿಮಾತಿಗೆ ಬಿಡದೆ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸುವುದು ಒಳ್ಳೆಯದು. ಹಾವೇರಿಯವರು ಹೀಗೆ ಬರೆಯಬಹುದಿತ್ತು: “ನಾವು ಮೂವರು ದೊಡ್ಡವರು, ಹತ್ತು ವರ್ಷದ ಒಬ್ಬ ಹುಡುಗ. ಎರಡು ರಾತ್ರಿ, ಒಂದು ರೂಮು, ಒಂದು ಎಕ್ಸ್‌ಟ್ರಾ ಬೆಡ್. ನಾಲ್ಕೂ ಜನರ ತಿಂಡಿ ಮತ್ತು ಜಿಎಸ್‌ಟಿ ಸೇರಿ ಹೊರಡುವಾಗ ಒಟ್ಟು ಎಷ್ಟು ಕೊಡಬೇಕು, ತಿಳಿಸಿ.” ಉತ್ತರವಾಗಿ ಒಂದೇ ಅಂಕಿ ಬರಬೇಕು. ಆ ಅಂಕಿಯ ಮುಂದೆ ಮತ್ತೆ ಪ್ಲಸ್ ಎಂದು ಬರೆದು ಬಂದರೆ ಇನ್ನೊಮ್ಮೆ ಕೇಳಲು ಸಂಕೋಚ ಬೇಡ.

ಕೆಲವು ಕಾರ್ಡುಗಳಲ್ಲಿ ದರದ ಮುಂದೆ ++ ಎಂದು ಎರಡು ಪ್ಲಸ್ ಇರುತ್ತದೆ. ಒಂದು ತೆರಿಗೆಗೆ, ಇನ್ನೊಂದು ಸರ್ವಿಸ್ ಚಾರ್ಜಿಗೆ. ಈ ಎರಡನೆಯದು ಸರ್ಕಾರಕ್ಕೆ ಹೋಗುವ ತೆರಿಗೆಯಲ್ಲ. ಹೋಟೆಲು, ರೆಸ್ಟೋರೆಂಟುಗಳು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ ತೆಗೆಯಿರಿ ಎಂದು ಹೇಳುವ ಹಕ್ಕು ನಿಮಗಿದೆ. ತೆಗೆಯದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು.

ಬಿಲ್ಲನ್ನು ಹೊರಡುವ ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಕೇಳಬೇಡಿ. ಆಗ ಓದಲು ಪುರುಸೊತ್ತು ಇರುವುದಿಲ್ಲ, ಕೌಂಟರಿನ ಮುಂದೆ ಹತ್ತು ಜನ ನಿಂತಿರುತ್ತಾರೆ, ಕೂತವರಿಗೂ ತಿದ್ದಲು ಸಮಯವಿರುವುದಿಲ್ಲ. ಹಿಂದಿನ ರಾತ್ರಿ ಊಟ ಮುಗಿಸಿ ಮೇಲೆ ಹೋಗುವ ಮುಂಚೆ ಇಲ್ಲಿಯವರೆಗಿನ ಬಿಲ್ ತೋರಿಸಿ ಎಂದು ಕೇಳಿದರೆ ತೆಗೆದುಕೊಡುತ್ತಾರೆ. ರೂಮಿನ ಸಾಲು, ಹಾಸಿಗೆಯ ಸಾಲು, ತಿಂಡಿ ಎಷ್ಟು ತಲೆಗೆ, ತೆರಿಗೆ ಶೇಕಡಾ ಎಷ್ಟು ಎಂದು ನಿಧಾನವಾಗಿ ಓದಿ, ತಪ್ಪಿದ್ದರೆ ಆಗಲೇ ಹೇಳಿ. ಮರುದಿನದ ತಿಂಡಿ ಬೇಕೋ ಬೇಡವೋ ಎಂದು ತೀರ್ಮಾನಿಸಲೂ ಆ ರಾತ್ರಿಯೇ ಅವಕಾಶ.